ನೆರೆಹೊರೆಯ ಸಣ್ಣ ಬೇಕರಿಗೆ ಮಾರುಕಟ್ಟೆ ಮಿಶ್ರಣದ ಅನ್ವಯ: ಪಶ್ಚಿಮ ಬೆಂಗಳೂರಿನ ಒಂದು ಖಾರ ಬನ್ನಿನ ಲೆಕ್ಕ

ಪ್ರಸ್ತಾವನೆ

ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳು ಮಾರುಕಟ್ಟೆ ಮಿಶ್ರಣದ ನಾಲ್ಕು ಅಂಶಗಳನ್ನು, ಅಂದರೆ ಉತ್ಪನ್ನ, ಬೆಲೆ, ಸ್ಥಳ ಮತ್ತು ಪ್ರವರ್ಧನೆ ಎಂಬುವನ್ನು, ಪದವಿ ತರಗತಿಯಲ್ಲಿ ಕಂಠಪಾಠ ಮಾಡಿ ಪರೀಕ್ಷೆ ಬರೆದಿರುತ್ತಾರೆ. ಪಠ್ಯಪುಸ್ತಕಗಳಲ್ಲಿ ಇವುಗಳಿಗೆ ಕೊಡಲಾಗುವ ಉದಾಹರಣೆಗಳು ಬಹುಮಟ್ಟಿಗೆ ದೊಡ್ಡ ಕಂಪನಿಗಳ ಸಾಬೂನು, ಮೋಟಾರು ವಾಹನ ಅಥವಾ ತಂಪು ಪಾನೀಯಕ್ಕೆ ಸಂಬಂಧಿಸಿರುತ್ತವೆ. ಆದರೆ ಇದೇ ನಾಲ್ಕು ಅಂಶಗಳನ್ನು ಪ್ರತಿದಿನ ಬೆಳಗಿನ ಜಾವ ಐದು ಗಂಟೆಗೆ ಹಿಟ್ಟು ಕಲಸುವ ಹೊತ್ತಿನಲ್ಲಿ ನಿರ್ಧರಿಸಬೇಕಾದ ವ್ಯಕ್ತಿ ಎಂದರೆ ಅಡ್ಡರಸ್ತೆಯ ಬೇಕರಿಯ ಮಾಲೀಕ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಮತ್ತು ಕೆಂಗೇರಿ ಪ್ರದೇಶಗಳಲ್ಲಿ ಹೊಸದಾಗಿ ಬೇಕರಿ ತೆರೆಯಲು ಉದ್ದೇಶಿಸಿರುವವರಿಗೆ ಹಾಗೂ ಈಗಾಗಲೇ ನಡೆಸುತ್ತಿರುವವರಿಗೆ ಉಪಯೋಗವಾಗಲೆಂದು ಈ ಮಾಹಿತಿಯನ್ನು ನೀಡಲಾಗಿದೆ.

ಈ ಪರಿಕಲ್ಪನೆಯ ಹುಟ್ಟೇ ಒಂದು ಅಡುಗೆಮನೆಯ ಹೋಲಿಕೆಯಿಂದ ಆಗಿದೆ ಎಂಬುದು ಗಮನಾರ್ಹ. ಅಮೆರಿಕದ ಜೇಮ್ಸ್ ಕಲ್ಲಿಟನ್ ಎಂಬ ಪ್ರಾಧ್ಯಾಪಕರು 1948ರಲ್ಲಿ ವ್ಯಾಪಾರದ ನಿರ್ವಾಹಕನನ್ನು, ಸಾಮಗ್ರಿಗಳನ್ನು ಹದವರಿತು ಬೆರೆಸುವವನೆಂದು ವರ್ಣಿಸಿದರು. ಆ ಮಾತಿನಿಂದ ಪ್ರೇರಿತರಾದ ಹಾರ್ವರ್ಡ್‌ನ ನೀಲ್ ಬೋರ್ಡನ್ ಅವರು ಮಾರುಕಟ್ಟೆ ಮಿಶ್ರಣ ಎಂಬ ಹೆಸರನ್ನು ಬಳಕೆಗೆ ತಂದರು. 1960ರಲ್ಲಿ ಜೆರೋಮ್ ಮೆಕಾರ್ಥಿ ಅವರು ಬೋರ್ಡನ್ ಅವರ ಉದ್ದನೆಯ ಪಟ್ಟಿಯನ್ನು ನಾಲ್ಕು ಶೀರ್ಷಿಕೆಗಳಿಗೆ ಇಳಿಸಿದರು. ಹಿಟ್ಟಿಗೆ ಉಪ್ಪು ಹೆಚ್ಚಾದರೆ ಹುದುಗು ಏಳದಿರುವಂತೆ, ಇಲ್ಲಿಯೂ ಒಂದು ಅಂಶವನ್ನು ಬದಲಿಸಿದಾಗ ಉಳಿದ ಮೂರೂ ಅಲುಗಾಡುತ್ತವೆ. ಈ ಲೇಖನದಲ್ಲಿ ಒಂದೇ ಒಂದು ತಿನಿಸನ್ನು, ಅಂದರೆ ಖಾರ ಬನ್ನನ್ನು, ಮುಂದಿಟ್ಟುಕೊಂಡು ಇದನ್ನು ವಿವರಿಸಲಾಗಿದೆ. ಇಲ್ಲಿ ಕೊಟ್ಟಿರುವ ಬೆಲೆ ಮತ್ತು ಪ್ರಮಾಣಗಳು ಲೆಕ್ಕದ ವಿಧಾನವನ್ನು ತೋರಿಸುವ ಸಲುವಾಗಿ ಇಟ್ಟುಕೊಂಡವು. ಓದುಗರು ತಮ್ಮ ಅಂಗಡಿಯ ಅಂಕಿಗಳನ್ನು ಆ ಜಾಗದಲ್ಲಿ ಹಾಕಿಕೊಳ್ಳತಕ್ಕದ್ದು.

ಉತ್ಪನ್ನ

ಬೆಂಗಳೂರಿನ ನೆರೆಹೊರೆಯ ಬೇಕರಿ ಎಂದೊಡನೆ ನೆನಪಿಗೆ ಬರುವುದು ಅಯ್ಯಂಗಾರ್ ಬೇಕರಿ. ಹಾಸನ ಜಿಲ್ಲೆಯಿಂದ ಬಂದ ಹೆಚ್.ಎಸ್. ತಿರುಮಲಾಚಾರ್ ಅವರು 1898ರಲ್ಲಿ ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿಯನ್ನು ಆರಂಭಿಸಿದರು. ತದನಂತರ ಅದೇ ಜಿಲ್ಲೆಯ ಅನೇಕ ಕುಟುಂಬಗಳು ನಗರದ ಹೊಸ ಬಡಾವಣೆಗಳಲ್ಲಿ ಅದೇ ಮಾದರಿಯ ಅಂಗಡಿಗಳನ್ನು ತೆರೆದವು. ಇವು ಯಾವುದೇ ಒಂದು ಸಂಸ್ಥೆಯ ಶಾಖೆಗಳಲ್ಲ. ಖಾರ ಬನ್, ಪಲ್ಯ ಬನ್, ಬೆಣ್ಣೆ ಬಿಸ್ಕತ್ತು, ದಿಲ್ ಪಸಂದ್, ಹನಿ ಕೇಕ್, ಕಾಂಗ್ರೆಸ್ ಕಡಲೆಕಾಯಿ ಇವು ಹೆಚ್ಚುಕಡಿಮೆ ಎಲ್ಲ ಅಂಗಡಿಗಳ ಗಾಜಿನ ಕಪಾಟಿನಲ್ಲಿಯೂ ಇರುತ್ತವೆ. ಆದುದರಿಂದ ತಿನಿಸುಗಳ ಪಟ್ಟಿಯಾಗಲಿ, ಫಲಕದ ಮೇಲಿನ ಹೆಸರಾಗಲಿ ಒಂದು ಬೇಕರಿಯನ್ನು ಇನ್ನೊಂದರಿಂದ ಬೇರ್ಪಡಿಸುವುದಿಲ್ಲ. ಬೇರ್ಪಡಿಸುವುದು ತಿನಿಸಿನ ವಯಸ್ಸು.

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಮೈದಾ, ಈಸ್ಟ್, ಉಪ್ಪು, ಸಕ್ಕರೆ, ಜಿಡ್ಡು ಇವುಗಳಿಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಮತ್ತು ಕರಿಬೇವು ಸೇರಿಸಿ ಕಲಸಿದ ಹಿಟ್ಟು ಮೊದಲ ಬಾರಿಗೆ ಉಬ್ಬಲು ಸುಮಾರು ಒಂದು ಗಂಟೆಯಿಂದ ಒಂದೂವರೆ ಗಂಟೆ, ಉಂಡೆ ಕಟ್ಟಿ ತಟ್ಟೆಯಲ್ಲಿಟ್ಟ ಮೇಲೆ ಮತ್ತೆ ಮುಕ್ಕಾಲು ಗಂಟೆ ಬೇಕಾಗುತ್ತದೆ. ಬೇಯುವ ಸಮಯ ಹದಿನೈದು ನಿಮಿಷಗಳಿಗೆ ಮೀರುವುದಿಲ್ಲ. ಒಲೆಯಿಂದ ಹೊರಬಂದ ಗಳಿಗೆಯಿಂದಲೇ ಬನ್ನು ಹಳತಾಗತೊಡಗುತ್ತದೆ. ಒಣಗುವುದರಿಂದ ಮಾತ್ರ ಹೀಗಾಗುತ್ತದೆಂದು ಅನೇಕರು ತಿಳಿದಿದ್ದಾರೆ. ಮುಖ್ಯ ಕಾರಣವೆಂದರೆ ಬೇಯುವಾಗ ಸಡಿಲಗೊಂಡ ಪಿಷ್ಟವು ತಣ್ಣಗಾಗುತ್ತಾ ಮತ್ತೆ ಗಟ್ಟಿಯಾಗಿ ಕಟ್ಟಿಕೊಳ್ಳುವುದು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೂ ಇದು ನಿಲ್ಲುವುದಿಲ್ಲ, ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಬೇಗನೆ ಆಗುತ್ತದೆ. ಬಿಸಿಯಿರುವಾಗಲೇ ಚೀಲ ಕಟ್ಟಿದರೆ ಒಳಗೆ ಬೆವರು ಕೂಡಿ, ಈರುಳ್ಳಿಯ ತೇವವೂ ಸೇರಿ, ಮರುದಿನವೇ ಹುಳಿ ವಾಸನೆ ಬರಬಹುದು. ಹಳೆಯ ಬನ್ನನ್ನು ಗುರುತಿಸುವುದು ಸುಲಭ: ಹೊಸ ಬನ್ನನ್ನು ಬೆರಳಿನಿಂದ ಒತ್ತಿದರೆ ತಗ್ಗು ಮೇಲೆದ್ದು ತುಂಬಿಕೊಳ್ಳುತ್ತದೆ, ಹಳೆಯದರಲ್ಲಿ ತಗ್ಗು ಹಾಗೆಯೇ ಉಳಿಯುತ್ತದೆ ಮತ್ತು ಮುರಿದಾಗ ಪುಡಿ ಉದುರುತ್ತದೆ.

ಬಿಸ್ಕತ್ತು ಮತ್ತು ರಸ್ಕುಗಳ ವಿಚಾರ ಬೇರೆ. ಅವುಗಳಲ್ಲಿ ತೇವಾಂಶ ಕಡಿಮೆಯಿರುವುದರಿಂದ ಗಾಳಿಯಾಡದ ಡಬ್ಬಿಯಲ್ಲಿ ವಾರಗಟ್ಟಲೆ ಇರುತ್ತವೆ. ಹೀಗಾಗಿ ಒಂದೇ ಬೇಕರಿಯಲ್ಲಿ ಎರಡು ಬಗೆಯ ವ್ಯಾಪಾರ ನಡೆಯುತ್ತಿರುತ್ತದೆ: ಕೆಲವು ಗಂಟೆಗಳ ಆಯುಸ್ಸಿನದು ಒಂದು, ಕೆಲವು ವಾರಗಳ ಆಯುಸ್ಸಿನದು ಇನ್ನೊಂದು. ಗಿರಾಕಿಯನ್ನು ಬಾಗಿಲಿಗೆ ಕರೆತರುವುದು ಮೊದಲನೆಯದು. ನಷ್ಟವಾಗುವುದೂ ಅದರಲ್ಲಿಯೇ.

ಬಡಾವಣೆಗೆ ತಕ್ಕಂತೆ ಉತ್ಪನ್ನದ ಪಾಲು ಬದಲಾಗುತ್ತದೆ. ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಂತಹ ಸಂಸ್ಥೆಯ ಎದುರಿನ ಅಂಗಡಿಗೆ ಬ್ರೆಡ್ಡು ಮತ್ತು ರಸ್ಕು ಮುಖ್ಯ. ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳು ಮತ್ತು ಪೇಯಿಂಗ್ ಗೆಸ್ಟ್ ವಸತಿಗಳು ಹೆಚ್ಚಿರುವ ವಿಜಯನಗರದಲ್ಲಿ ಸಂಜೆ ನಿಂತುಕೊಂಡೇ ತಿನ್ನುವ ಬನ್ನು, ಪಫ್ಸು, ಬ್ರೆಡ್ ಟೋಸ್ಟ್ ಮುಖ್ಯ. ಬಹುತೇಕ ಮನೆಗಳೇ ಇರುವ ಬಸವೇಶ್ವರನಗರದ ಒಳರಸ್ತೆಗಳಲ್ಲಿ ಮಕ್ಕಳು ಶಾಲೆಯಿಂದ ಮರಳುವ ಹೊತ್ತಿನ ತಿಂಡಿ ಮತ್ತು ಹುಟ್ಟುಹಬ್ಬದ ಕೇಕು ಮುಖ್ಯ. ಮೊಟ್ಟೆರಹಿತ ಎಂಬ ಗುಣವೂ ಇಲ್ಲಿ ಉತ್ಪನ್ನದ ಭಾಗವೇ ಆಗಿದೆ. ಮೊಟ್ಟೆಯುಳ್ಳ ಮತ್ತು ಮೊಟ್ಟೆರಹಿತ ಕೇಕುಗಳೆರಡನ್ನೂ ಮಾರುವವರು ಪಾತ್ರೆ, ತಟ್ಟೆಗಳನ್ನು ಪ್ರತ್ಯೇಕವಾಗಿಡುವುದಲ್ಲದೆ, ಪೊಟ್ಟಣದ ಮೇಲೆ ನಿಯಮಾನುಸಾರ ಗುರುತು ಹಾಕಬೇಕು. ಮೊಟ್ಟೆಯುಳ್ಳ ಪದಾರ್ಥಕ್ಕೆ ಮಾಂಸಾಹಾರದ ಗುರುತೇ ಅನ್ವಯಿಸುತ್ತದೆ.

ಎಷ್ಟು ಬೇಯಿಸಬೇಕು

ಉತ್ಪನ್ನಕ್ಕೂ ಬೆಲೆಗೂ ನಡುವೆ ಇರುವ ಈ ಪ್ರಶ್ನೆಯನ್ನು ಪಠ್ಯಪುಸ್ತಕಗಳು ಮಾರುಕಟ್ಟೆ ಮಿಶ್ರಣದ ಅಧ್ಯಾಯದಲ್ಲಿ ಕೇಳುವುದಿಲ್ಲ. ಬೇಕರಿಗೆ ಮಾತ್ರ ಇದೇ ಮೊದಲ ಪ್ರಶ್ನೆ.

ಬಸವೇಶ್ವರನಗರದ ಒಂದು ಅಡ್ಡರಸ್ತೆಯ ಬೇಕರಿಯು 75 ಗ್ರಾಂ ಹಿಟ್ಟಿನ ಖಾರ ಬನ್ನನ್ನು 15 ರೂಪಾಯಿಗೆ ಮಾರುತ್ತದೆಂದು ಇಟ್ಟುಕೊಳ್ಳೋಣ. ನೂರು ಬನ್ನುಗಳಿಗೆ ಮೂರೂವರೆ ಕಿಲೋ ಮೈದಾ, ಕಿಲೋಗೆ 44 ರೂಪಾಯಿಯಂತೆ 154 ರೂಪಾಯಿ. ಜಿಡ್ಡಿಗೆ 80, ಈರುಳ್ಳಿ ಮತ್ತು ಸೊಪ್ಪುಗಳಿಗೆ 80, ಸಕ್ಕರೆ, ಉಪ್ಪು, ಈಸ್ಟಿಗೆ 36. ಒಟ್ಟು 350 ರೂಪಾಯಿ. ಇಂಧನ ಮತ್ತು ಕಾಗದಕ್ಕೆ 80 ಸೇರಿಸಿದರೆ 430, ಅಂದರೆ ಬನ್ನೊಂದಕ್ಕೆ 4 ರೂಪಾಯಿ 30 ಪೈಸೆ. ಮಾರಾಟವಾದ ಪ್ರತಿ ಬನ್ನು 10 ರೂಪಾಯಿ 70 ಪೈಸೆಯನ್ನು ಉಳಿಸುತ್ತದೆ. ಬಾಡಿಗೆ, ಸಂಬಳ ಮತ್ತು ವಿದ್ಯುತ್ತನ್ನು ಈ ಉಳಿಕೆಯಿಂದ ತೀರಿಸಬೇಕು; ಅವು ಬನ್ನು ಹೋದರೂ ಹೋಗದಿದ್ದರೂ ಬರುವ ಖರ್ಚುಗಳಾದ್ದರಿಂದ ಈ ಹಂತದಲ್ಲಿ ಸೇರಿಸಿಲ್ಲ.

ಹಾಗಾದರೆ ಒಂದು ಬನ್ನು ಉಳಿದರೆ ನಷ್ಟ 4.30. ಒಂದು ಬನ್ನು ಸಾಲದೆ ಗಿರಾಕಿ ಹಿಂದಿರುಗಿದರೆ ಕೈತಪ್ಪುವುದು 10.70. ಸಂಜೆ ತಟ್ಟೆಯಲ್ಲಿ ಉಳಿದದ್ದು ಕಣ್ಣಿಗೆ ಕಾಣುತ್ತದೆ, ಹಿಂದಿರುಗಿದ ಗಿರಾಕಿ ಕಾಣುವುದಿಲ್ಲ. ಈ ಕಾರಣದಿಂದಲೇ ಎಚ್ಚರಿಕೆಯ ಮಾಲೀಕರು ದಿನಕ್ಕೆ ದಿನ ಕಡಿಮೆ ಬೇಯಿಸುತ್ತಾ ಹೋಗಿ, ಏಳು ಗಂಟೆಗೆ ಬರುವ ಗಿರಾಕಿಗಳನ್ನು ಪಕ್ಕದ ರಸ್ತೆಗೆ ಕಳಿಸಿಬಿಡುತ್ತಾರೆ.

ಇದಕ್ಕೆ ಹತ್ತು ದಿನಗಳ ಪುಸ್ತಕ ಸಾಕು. ಪ್ರತಿದಿನ ಎಷ್ಟು ಮಾರಾಟವಾಯಿತು, ಕೊನೆಯ ಬನ್ನು ಎಷ್ಟು ಗಂಟೆಗೆ ಹೋಯಿತು, ಅದರ ನಂತರ ಎಷ್ಟು ಮಂದಿ ಕೇಳಿದರು ಎಂಬ ಮೂರನ್ನು ಬರೆದಿಡಬೇಕು. ಮೂರನೆಯದನ್ನು ಬರೆಯದಿದ್ದರೆ ಮೊದಲನೆಯ ಅಂಕಿಯು ಬೇಡಿಕೆಯನ್ನು ತಿಳಿಸದೆ, ನಾವು ಬೇಯಿಸಿದ್ದನ್ನೇ ನಮಗೆ ತಿರುಗಿ ತಿಳಿಸುತ್ತದೆ. ಹೀಗೆ ಬರೆದಿಟ್ಟ ಬೇಡಿಕೆಯನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದಾಗ 150, 155, 160, 165, 170, 175, 180, 190, 200, 210 ಎಂದು ಬಂದಿತೆನ್ನಿ. ಸರಾಸರಿ ಸುಮಾರು 175. ಸರಾಸರಿಯಷ್ಟೇ ಬೇಯಿಸುವುದು ಸರಿಯೆಂದು ತೋರುತ್ತದೆ, ಆದರೆ ಅದು ಸರಿಯಲ್ಲ.

181ನೆಯ ಬನ್ನನ್ನು ಪರಿಶೀಲಿಸೋಣ. ಹತ್ತು ದಿನಗಳಲ್ಲಿ ಬೇಡಿಕೆ 180ನ್ನು ಮೀರಿದ್ದು ಮೂರು ದಿನ. ಆ ಮೂರು ದಿನಗಳಲ್ಲಿ ಅದು 32.10 ರೂಪಾಯಿ ತರುತ್ತದೆ, ಉಳಿದ ಏಳು ದಿನಗಳಲ್ಲಿ 30.10 ರೂಪಾಯಿ ಕಳೆಯುತ್ತದೆ. ಅತ್ಯಲ್ಪವಾದರೂ ಲಾಭವೇ. 191ನೆಯದು ಎರಡು ದಿನ ಮಾತ್ರ ಮಾರಾಟವಾಗಿ 21.40 ತಂದು, ಎಂಟು ದಿನ ಉಳಿದು 34.40 ಕಳೆಯುತ್ತದೆ. ಆದ್ದರಿಂದ ಈ ಬೇಕರಿಯು 190 ಬೇಯಿಸುವುದು ಯುಕ್ತ. ಬಹುತೇಕ ದಿನಗಳಲ್ಲಿ ತಟ್ಟೆಯಲ್ಲಿ ಒಂದಿಷ್ಟು ಉಳಿದಿರುವುದು ಇಲ್ಲಿ ಕೆಟ್ಟ ವ್ಯಾಪಾರದ ಲಕ್ಷಣವಲ್ಲ. ಉಳಿದದ್ದನ್ನು ಅದೇ ರಾತ್ರಿ ಸೀಳಿ, ಒಲೆಯ ಉಳಿದ ಶಾಖದಲ್ಲಿ ಒಣಗಿಸಿ ಖಾರ ಟೋಸ್ಟ್ ಮಾಡಿ ಮಾರಬಲ್ಲವರಿಗೆ ಉಳಿಕೆಯ ನಷ್ಟ ಇನ್ನೂ ಇಳಿಯುವುದರಿಂದ, ಅವರು ಮತ್ತಷ್ಟು ಧೈರ್ಯವಾಗಿ ಬೇಯಿಸಬಹುದು. ಆದರೆ ಹಳೆಯ ಬನ್ನನ್ನು ಮರುದಿನ ಬೆಳಿಗ್ಗೆ ಹೊಸ ತಟ್ಟೆಯ ಕೆಳಗೆ ಸೇರಿಸುವುದು ಬೇರೆ ವಿಷಯ. ಬೆರಳಿನಿಂದ ಒತ್ತಿ ನೋಡುವ ವಿದ್ಯೆ ಗಿರಾಕಿಗಳಿಗೂ ತಿಳಿದಿದೆ.

ಹಬ್ಬದ ದಿನಗಳು, ಮಳೆಯ ಸಂಜೆ ಮತ್ತು ಶಾಲೆಗೆ ರಜೆಯ ಅವಧಿಯನ್ನು ಈ ಪುಸ್ತಕದಲ್ಲಿ ಬೇರೆ ಪುಟದಲ್ಲಿ ಬರೆಯತಕ್ಕದ್ದು. ಅವುಗಳನ್ನು ಬೆರೆಸಿದರೆ ಲೆಕ್ಕ ಕೆಡುತ್ತದೆ.

ಬೆಲೆ

ಮೈದಾದ ಬೆಲೆ ಏರಿದಾಗ ಮಾಲೀಕರ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳು ಕಾಣುತ್ತವೆ: ಬೆಲೆ ಹೆಚ್ಚಿಸುವುದು ಅಥವಾ ಬನ್ನನ್ನು ಚಿಕ್ಕದಾಗಿಸುವುದು. ಎರಡನೆಯದು ಯಾರಿಗೂ ತಿಳಿಯದೆಂಬ ಭಾವನೆಯಿಂದ ಅನೇಕರು ಅದನ್ನೇ ಆರಿಸಿಕೊಳ್ಳುತ್ತಾರೆ. ಲೆಕ್ಕ ಹಾಕಿದಾಗ ಬೇರೆಯದೇ ಚಿತ್ರ ದೊರೆಯುತ್ತದೆ.

ಮೈದಾ ಕಿಲೋಗೆ 44ರಿಂದ 52 ರೂಪಾಯಿಗೆ ಏರಿತೆನ್ನೋಣ. ನೂರು ಬನ್ನಿಗೆ ಮೂರೂವರೆ ಕಿಲೋ ಆದ್ದರಿಂದ ಹೆಚ್ಚುವರಿ ವೆಚ್ಚ 28 ರೂಪಾಯಿ, ಅಂದರೆ ಬನ್ನೊಂದಕ್ಕೆ 28 ಪೈಸೆ. ಮೈದಾದ ಏರಿಕೆ ಎಂಬುದು ಗಿರಾಕಿಗೆ ಹೇಳಲು ಅನುಕೂಲವಾದ ಕಾರಣವೇ ಹೊರತು, ನಿಜವಾಗಿ ಹೊರೆಯಾಗಿರುವುದು ಬಾಡಿಗೆ ಮತ್ತು ಸಂಬಳ. ಇನ್ನು ಹಿಟ್ಟನ್ನು 75 ಗ್ರಾಂನಿಂದ 65 ಗ್ರಾಂಗೆ ಇಳಿಸಿದರೆ, ಮೊದಲಿನ ದರದಲ್ಲಿ, ಉಳಿಯುವುದು 47 ಪೈಸೆ. ದಿನಕ್ಕೆ 175 ಬನ್ನು ಮಾರಿದರೆ ಸುಮಾರು 82 ರೂಪಾಯಿ. ಹತ್ತು ವರ್ಷದಿಂದ ಅದೇ ಬನ್ನನ್ನು ಕೈಯಲ್ಲಿ ಹಿಡಿದವರಿಗೆ ಹತ್ತು ಗ್ರಾಂ ಎಂದರೆ ಏನೆಂದು ಕೈಗೇ ತಿಳಿಯುತ್ತದೆ. ಆ 82 ರೂಪಾಯಿಗಾಗಿ ಅಂಗಡಿಯು ತನ್ನ ಉತ್ಪನ್ನವನ್ನೇ ಬದಲಾಯಿಸಿದಂತಾಗುತ್ತದೆ.

ಬೆಲೆಯನ್ನು ಬಹಿರಂಗವಾಗಿ 18 ರೂಪಾಯಿಗೆ ಏರಿಸಿದರೆ ಬನ್ನೊಂದರ ಉಳಿಕೆ 13.70 ಆಗುತ್ತದೆ. ಹಿಂದೆ 175 ಬನ್ನುಗಳಿಂದ ಬರುತ್ತಿದ್ದ 1,872 ರೂಪಾಯಿಯು ಈಗ 137 ಬನ್ನುಗಳಿಂದ ಬರುತ್ತದೆ. ಅಂದರೆ ಐದರಲ್ಲಿ ಒಂದು ಪಾಲಿನಷ್ಟು ಮಾರಾಟ ಇಳಿದರೂ ಬನ್ನಿನ ಲೆಕ್ಕದಲ್ಲಿ ನಷ್ಟವಿಲ್ಲ. ಇಲ್ಲಿ ಒಂದು ಮಿತಿಯನ್ನು ಗಮನಿಸಬೇಕು. ಬಿಟ್ಟುಹೋಗುವ 38 ಮಂದಿ ಬನ್ನನ್ನು ಮಾತ್ರ ಬಿಟ್ಟುಹೋಗುವುದಿಲ್ಲ. ಅದರ ಜೊತೆಗೆ ಕೊಳ್ಳುತ್ತಿದ್ದ ಬ್ರೆಡ್ಡು, ಕಾಲು ಕಿಲೋ ಬಿಸ್ಕತ್ತುಗಳನ್ನೂ ಬಿಟ್ಟುಹೋಗುತ್ತಾರೆ. ಬನ್ನು ಕೊಳ್ಳುವವರಲ್ಲಿ ಎಷ್ಟು ಮಂದಿ ಬೇರೇನನ್ನಾದರೂ ಕೊಳ್ಳುತ್ತಾರೆಂಬುದನ್ನು ಒಂದು ವಾರ ಗುರುತು ಹಾಕಿ ನೋಡಿದ ಬಳಿಕವೇ ಬೆಲೆ ಏರಿಸುವುದು ಸೂಕ್ತ. ನಿಂತು ತಿಂದುಹೋಗುವವರೇ ಹೆಚ್ಚಿರುವ ವಿಜಯನಗರದಂತಹ ಕಡೆ ಈ ಭಯ ಕಡಿಮೆ, ಮನೆಗೆ ಒಯ್ಯುವವರೇ ಹೆಚ್ಚಿರುವ ಕಡೆ ಅಧಿಕ. 18 ರೂಪಾಯಿಗೆ ಚಿಲ್ಲರೆಯ ತೊಂದರೆ ಎಂಬ ಹಳೆಯ ಆಕ್ಷೇಪಣೆಯು ಯುಪಿಐ ಪಾವತಿಗಳು ಬಂದ ಮೇಲೆ ಬಹುಮಟ್ಟಿಗೆ ಹೋಗಿದೆ.

ಯುಪಿಐ ಎಂದೊಡನೆ ತೆರಿಗೆಯ ಮಾತು ಬರುತ್ತದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆಗಳ ಇಲಾಖೆಯು ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ರಾಜ್ಯದ ಅನೇಕ ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿದಾಗ ಬೇಕರಿ ಮತ್ತು ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಆತಂಕ ಉಂಟಾಗಿದ್ದು ಸರ್ವವಿದಿತ. ಸರಕು ಮಾರುವವರಿಗೆ ಆಗ ಅನ್ವಯಿಸುತ್ತಿದ್ದ ನೋಂದಣಿ ಮಿತಿ ವಾರ್ಷಿಕ 40 ಲಕ್ಷ ರೂಪಾಯಿ ವಹಿವಾಟು. ದಿನಕ್ಕೆ ಸುಮಾರು 11,000 ರೂಪಾಯಿ ವ್ಯಾಪಾರವಾದರೆ ಈ ಮಿತಿ ಮುಟ್ಟುತ್ತದೆ. ಇದು ಲಾಭದ ಮಿತಿಯಲ್ಲ, ವಹಿವಾಟಿನ ಮಿತಿ. ತೆರಿಗೆಯಿಲ್ಲದ ಬ್ರೆಡ್ಡಿನ ಮಾರಾಟವೂ ಈ ಮೊತ್ತಕ್ಕೆ ಸೇರುತ್ತದೆ ಎಂಬುದನ್ನು ಅನೇಕರು ತಿಳಿದಿರಲಿಲ್ಲ. ಕೇಕು ಮತ್ತು ಬಿಸ್ಕತ್ತುಗಳ ಮೇಲಿನ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇಕಡ 18ರಿಂದ ಶೇಕಡ 5ಕ್ಕೆ ಇಳಿಸಲಾಯಿತು. ನೋಂದಾಯಿತ ಬೇಕರಿಗಳು ಹಳೆಯ ದರಪಟ್ಟಿಯನ್ನು ಗೋಡೆಯ ಮೇಲೆ ಉಳಿಸಿಕೊಂಡಿದ್ದಲ್ಲಿ ಸರಿಪಡಿಸಿಕೊಳ್ಳತಕ್ಕದ್ದು.

ಸ್ಥಳ

ಸ್ಥಳ ಎಂದರೆ ಅಂಗಡಿಯ ವಿಳಾಸವಷ್ಟೇ ಅಲ್ಲದೆ, ತಿನಿಸು ಗಿರಾಕಿಯ ಕೈ ಸೇರುವ ಎಲ್ಲ ದಾರಿಗಳೂ ಆಗಿರುತ್ತವೆ.

ವಿಳಾಸದ ಲೆಕ್ಕ ಸರಳವಾದುದು. ಮುಖ್ಯರಸ್ತೆಯ ಮೂಲೆ ಅಂಗಡಿಗೆ ತಿಂಗಳಿಗೆ 35,000, ಒಳಗಿನ ಅಡ್ಡರಸ್ತೆಯಲ್ಲಿ 20,000 ಬಾಡಿಗೆ ಇದ್ದರೆ, ವ್ಯತ್ಯಾಸ ದಿನಕ್ಕೆ 500 ರೂಪಾಯಿ. ಮೂಲೆ ಅಂಗಡಿಯು ದಿನಕ್ಕೆ 47 ಬನ್ನುಗಳಷ್ಟು ಹೆಚ್ಚುವರಿ ವ್ಯಾಪಾರ ತಂದರೆ ಮಾತ್ರ ಸಮ. ಇದನ್ನು ತಿಳಿಯಲು ಸಂಜೆ ನಾಲ್ಕರಿಂದ ಎಂಟರವರೆಗೆ ಎರಡೂ ಜಾಗಗಳಲ್ಲಿ ನಿಂತು ನಡೆದುಹೋಗುವವರನ್ನು ಎಣಿಸಬೇಕು. ವಾಹನದಲ್ಲಿ ಹೋಗುವವರನ್ನು ಎಣಿಸಬಾರದು, ಗಾಡಿ ನಿಲ್ಲಿಸಲು ಜಾಗವಿಲ್ಲದಿದ್ದರೆ ಅವರು ಗಿರಾಕಿಗಳಲ್ಲ.

ಜನರು ನಡೆಯುವ ದಾರಿ ಬದಲಾಗುತ್ತಲೂ ಇರುತ್ತದೆ. ನಮ್ಮ ಮೆಟ್ರೋದ ನೇರಳೆ ಮಾರ್ಗವು 2015ರ ನವೆಂಬರಿನಲ್ಲಿ ಮೈಸೂರು ರಸ್ತೆಯವರೆಗೆ ಬಂದಾಗ ವಿಜಯನಗರ ಮತ್ತು ಅತ್ತಿಗುಪ್ಪೆ ನಿಲ್ದಾಣಗಳು ತೆರೆದವು. 2021ರ ಆಗಸ್ಟಿನಲ್ಲಿ ಮಾರ್ಗವು ಕೆಂಗೇರಿಗೆ ವಿಸ್ತರಿಸಿತು. ಅದುವರೆಗೆ ಕೊನೆಯ ನಿಲ್ದಾಣವಾಗಿದ್ದ ಮೈಸೂರು ರಸ್ತೆಯಲ್ಲಿ ಇಳಿದು ಬಸ್ಸು ಹಿಡಿಯುತ್ತಿದ್ದ ಕೆಂಗೇರಿಯ ಪ್ರಯಾಣಿಕರು ಅಂದಿನಿಂದ ಅಲ್ಲಿ ಇಳಿಯಬೇಕಾಗಿರಲಿಲ್ಲ. 2023ರ ಅಕ್ಟೋಬರಿನಲ್ಲಿ ಮಾರ್ಗವು ಚಲ್ಲಘಟ್ಟ ಮುಟ್ಟಿದ ಮೇಲೆ ಕೆಂಗೇರಿಯೂ ಕೊನೆಯ ನಿಲ್ದಾಣವಾಗಿ ಉಳಿಯಲಿಲ್ಲ. ಕೊನೆಯ ನಿಲ್ದಾಣದಲ್ಲಿ ರೈಲಿನಿಂದ ಬಸ್ಸಿಗೆ ಬದಲಾಯಿಸುವ ಹತ್ತು ನಿಮಿಷಗಳ ಹಸಿವನ್ನು ನಂಬಿ ದೀರ್ಘ ಅವಧಿಯ ಬಾಡಿಗೆ ಕರಾರು ಮಾಡಿಕೊಳ್ಳುವವರು ಮಾರ್ಗದ ಮುಂದಿನ ಹಂತವನ್ನು ವಿಚಾರಿಸಿಕೊಂಡಿರಬೇಕು.

ಎರಡನೆಯ ದಾರಿ ಎಂದರೆ ಟೀ ಅಂಗಡಿಗಳಿಗೆ ಸರಬರಾಜು. ಮಾರಾಟ ಹೆಚ್ಚಿಸುವ ಸುಲಭ ಉಪಾಯವೆಂದು ಮೊದಲಿಗೆ ಎಲ್ಲರಿಗೂ ತೋರುವುದು ಇದೇ. ನಮ್ಮ ಉದಾಹರಣೆಯ ಬೇಕರಿಯು ಐದು ಟೀ ಅಂಗಡಿಗಳಿಗೆ ಬೆಳಿಗ್ಗೆ ಒಟ್ಟು ನೂರು ಬನ್ನುಗಳನ್ನು ತಲಾ 10 ರೂಪಾಯಿಯಂತೆ ಕೊಡುತ್ತದೆ, ಉಳಿದದ್ದನ್ನು ಸಂಜೆ ಹಿಂದಕ್ಕೆ ಪಡೆಯುತ್ತದೆ ಎಂದುಕೊಳ್ಳಿ. ಇಪ್ಪತ್ತು ಹಿಂತಿರುಗಿದರೆ ಬರುವ ಹಣ 800. ನೂರು ಬನ್ನಿನ ವೆಚ್ಚ 430, ಒಯ್ಯುವ ಹುಡುಗನಿಗೂ ಪೆಟ್ರೋಲಿಗೂ 150. ಉಳಿಯುವುದು 220 ರೂಪಾಯಿ. ಮೂವತ್ತೈದು ಹಿಂತಿರುಗಿದರೆ ಉಳಿಯುವುದು 70 ಮಾತ್ರ. ಟೀ ಅಂಗಡಿಯವನಿಗೆ ಉಳಿಕೆಯ ಭಯವಿಲ್ಲದಿರುವುದರಿಂದ ಅವನು ಎಷ್ಟು ಕೊಟ್ಟರೂ ತೆಗೆದುಕೊಳ್ಳುತ್ತಾನೆ. ಆರ್ಡರು ದೊಡ್ಡದಾಗಿರುವುದನ್ನು ಬೇಡಿಕೆ ಎಂದು ಭಾವಿಸತಕ್ಕದ್ದಲ್ಲ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಟೀ ಅಂಗಡಿಯಲ್ಲಿ ಬನ್ನು ಕೊಂಡ 80 ಮಂದಿಯಲ್ಲಿ ಎಷ್ಟು ಮಂದಿ ಮೊದಲು ನಮ್ಮ ಅಂಗಡಿಗೇ ಬರುತ್ತಿದ್ದರು? ಅಂತಹ ಪ್ರತಿಯೊಬ್ಬರಿಂದ ನಾವು ಕಳೆದುಕೊಂಡದ್ದು 10.70. ಇಪ್ಪತ್ತೊಂದು ಮಂದಿ ಹೀಗಿದ್ದರೆ 224.70 ರೂಪಾಯಿ ಹೋಗಿ, 220ರ ಲಾಭ ಪೂರ್ತಿಯಾಗಿ ಕರಗುತ್ತದೆ. ನೂರು ಬನ್ನು ಹೆಚ್ಚಿಗೆ ಬೇಯಿಸಿ, ಒಬ್ಬ ಹುಡುಗನನ್ನು ಇಟ್ಟುಕೊಂಡು, ಕೊನೆಗೆ ನಾಲ್ಕು ರೂಪಾಯಿ ಕಡಿಮೆ ಸಂಪಾದಿಸಿದಂತಾಯಿತು. ಪುಸ್ತಕದಲ್ಲಿ ಮಾತ್ರ ಮಾರಾಟ ಏರಿರುತ್ತದೆ. ಇಂತಹ ಬೇಕರಿಗಳು ಕೆಲಸ ಹೆಚ್ಚಾಯಿತು, ಕೈಯಲ್ಲಿ ಹಣ ನಿಲ್ಲುತ್ತಿಲ್ಲ ಎಂದು ದೂರುವುದು ಸಾಮಾನ್ಯ. ಕಾರಣ ಅನೇಕ ವೇಳೆ ಇದೇ ಆಗಿರುತ್ತದೆ.

ಪರಿಹಾರ ಸರಬರಾಜನ್ನು ನಿಲ್ಲಿಸುವುದಲ್ಲ, ಟೀ ಅಂಗಡಿಗಳನ್ನು ಆರಿಸುವುದು. ಸಂಜೆಯ ತಿಂಡಿಗಾಗಿ ಜನರು ದೊಡ್ಡ ರಸ್ತೆಗಳನ್ನು ದಾಟುವುದು ಅಪರೂಪ. ಬಸವೇಶ್ವರನಗರದ ಬೇಕರಿಗೆ ವೆಸ್ಟ್ ಆಫ್ ಕಾರ್ಡ್ ರಸ್ತೆಯಾಚೆಯ ರಾಜಾಜಿನಗರವಾಗಲಿ, ಮಾಗಡಿ ರಸ್ತೆಯಾಚೆಯ ವಿಜಯನಗರವಾಗಲಿ ಬೇರೆ ಊರಿದ್ದಂತೆ. ಅಲ್ಲಿನ ಟೀ ಅಂಗಡಿಗೆ ಕೊಟ್ಟ ಬನ್ನು ಹೊಸ ಗಿರಾಕಿಗೇ ಹೋಗುತ್ತದೆ. ಅದೇ ಅಡ್ಡರಸ್ತೆಯ ಕೊನೆಯ ಟೀ ಅಂಗಡಿಗೆ ಕೊಟ್ಟದ್ದು ಹಳೆಯ ಗಿರಾಕಿಗೆ ಹೋಗುತ್ತದೆ. ಜೊತೆಗೆ, ಹಿಂತಿರುಗಿಸುವ ಬನ್ನು ಹತ್ತಕ್ಕೆ ಒಂದನ್ನು ಮೀರಬಾರದೆಂದು ಮೊದಲೇ ಮಾತನಾಡಿಕೊಳ್ಳುವುದು ಒಳ್ಳೆಯದು. ಹಿಂತಿರುಗಿ ಬಂದ ಬನ್ನು ದಿನವಿಡೀ ಧೂಳಿನಲ್ಲಿದ್ದುದರಿಂದ ಟೋಸ್ಟಿಗೂ ಬಳಸತಕ್ಕದ್ದಲ್ಲ.

ಮೊಬೈಲ್ ಆ್ಯಪ್‌ಗಳ ಮೂಲಕ ಮನೆಗೆ ತಲುಪಿಸುವ ವ್ಯವಸ್ಥೆಗೂ ಇದೇ ಪರೀಕ್ಷೆ ಅನ್ವಯಿಸುತ್ತದೆ. ಕಾಲುಭಾಗ ಕಮಿಷನ್ ಹೋದರೆ 15 ರೂಪಾಯಿ ಬನ್ನು 11.25 ತರುತ್ತದೆ, ಡಬ್ಬಿಯ ಖರ್ಚು ಬೇರೆ. ನಾಲ್ಕು ಮನೆ ದೂರದವರು ಆ್ಯಪ್‌ನಲ್ಲಿ ತರಿಸಿಕೊಳ್ಳತೊಡಗಿದರೆ ನಷ್ಟ. ಅರ್ಧ ಕಿಲೋ ಕೇಕಿಗೆ ಮಾತ್ರ ಇದು ಹೊಂದಬಹುದು.

ಪ್ರವರ್ಧನೆ

ಸಣ್ಣ ಬೇಕರಿಯ ಅತಿ ದೊಡ್ಡ ಜಾಹೀರಾತು ಒಲೆಯ ವಾಸನೆ. ಇದಕ್ಕೆ ಹಣ ಬೇಕಿಲ್ಲ, ಸಮಯ ಬೇಕು. 190 ಬನ್ನುಗಳನ್ನು ಮಧ್ಯಾಹ್ನ ಎರಡಕ್ಕೇ ಒಟ್ಟಿಗೆ ತೆಗೆಯುವ ಬದಲು, 100ನ್ನು ನಾಲ್ಕು ಗಂಟೆಗೆ, 90ನ್ನು ಆರೂ ಕಾಲಿಗೆ ತೆಗೆದರೆ ಶಾಲೆ ಬಿಡುವ ಹೊತ್ತಿಗೂ, ಕೆಲಸದಿಂದ ಮರಳುವ ಹೊತ್ತಿಗೂ ಬೀದಿಯಲ್ಲಿ ವಾಸನೆ ಇರುತ್ತದೆ. ಇನ್ನೊಂದು ಪ್ರಯೋಜನವೂ ಇದೆ: ನಾಲ್ಕು ಗಂಟೆಯ ತಟ್ಟೆ ಹೇಗೆ ಖಾಲಿಯಾಗುತ್ತಿದೆ ಎಂಬುದನ್ನು ನೋಡಿ ಎರಡನೆಯದರಲ್ಲಿ ಎಷ್ಟು ಉಂಡೆ ಒಲೆಗಿಡಬೇಕೆಂದು ಬದಲಿಸಿಕೊಳ್ಳಬಹುದು. ಉಬ್ಬಲು ಬೇಕಾದ ಸಮಯವನ್ನು ಲೆಕ್ಕ ಹಾಕಿದರೆ ಎರಡನೆಯ ಹಿಟ್ಟನ್ನು ನಾಲ್ಕು ಗಂಟೆಗೆ ಮುಂಚೆಯೇ ಕಲಸಿರಬೇಕು. ಆದ್ದರಿಂದ ಉಳಿಯುವ ಹಿಟ್ಟನ್ನು ಸಾದಾ ಬನ್ನಿಗೆ ತಿರುಗಿಸುವಂತೆ ಈರುಳ್ಳಿಯನ್ನು ಕೊನೆಗೆ ಸೇರಿಸುವುದು ಅನುಭವಿಗಳ ಕ್ರಮ.

ದಿನಪತ್ರಿಕೆಯೊಳಗೆ ಕರಪತ್ರ ಹಂಚುವುದು ಈ ಪ್ರದೇಶದಲ್ಲಿ ರೂಢಿಯಲ್ಲಿದೆ. ಎರಡು ಸಾವಿರ ಕರಪತ್ರಕ್ಕೆ 2,500 ರೂಪಾಯಿ ತಗುಲಿದರೆ, ಅದನ್ನು ತೀರಿಸಲು 234 ಬನ್ನುಗಳು ಹೆಚ್ಚಿಗೆ ಮಾರಾಟವಾಗಬೇಕು. ಕರಪತ್ರದ ಒಂದು ಮೂಲೆಯನ್ನು ಹರಿದು ತಂದವರಿಗೆ ಎರಡು ಬಿಸ್ಕತ್ತು ಕೊಡುವುದೆಂದು ಮುದ್ರಿಸಿದರೆ, ಎಷ್ಟು ಮೂಲೆಗಳು ಹಿಂತಿರುಗಿದವೆಂದು ಎಣಿಸಿ ಖರ್ಚು ಗಿಟ್ಟಿತೋ ಇಲ್ಲವೋ ತಿಳಿಯಬಹುದು. ಎಣಿಸಲಾಗದ ಜಾಹೀರಾತಿಗೆ ಈ ಗಾತ್ರದ ಅಂಗಡಿ ಹಣ ಹಾಕದಿರುವುದೇ ಮೇಲು ಎಂಬುದು ಈ ಲೇಖಕರ ಅಭಿಪ್ರಾಯ.

ಫಲಕದ ಮಾತು ತಿನಿಸಿಗೆ ಹೊಂದಿರಬೇಕು. ವನಸ್ಪತಿಯಿಂದ ಮಾಡಿದ್ದನ್ನು ಬೆಣ್ಣೆಯದೆಂದು, ಬಣ್ಣ ಹಾಕಿದ ಮೈದಾ ಬ್ರೆಡ್ಡನ್ನು ಗೋಧಿಯದೆಂದು ಸಾರುವುದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅಡಿಯಲ್ಲಿ ತಪ್ಪುದಾರಿಗೆಳೆಯುವ ಜಾಹೀರಾತಾಗುತ್ತದೆ. ಕೈಗಾರಿಕೆಯಲ್ಲಿ ತಯಾರಾಗುವ ಟ್ರಾನ್ಸ್ ಕೊಬ್ಬಿಗೆ 2022ರ ಜನವರಿ 1ರಿಂದ ಶೇಕಡ 2ರ ಮಿತಿ ಜಾರಿಗೆ ಬಂದಿರುವುದರಿಂದ, ಜಿಡ್ಡಿನ ಡಬ್ಬಿಯ ಮೇಲಿನ ವಿವರವನ್ನು ಓದಿ ಕೊಳ್ಳುವುದೂ ಮಾಲೀಕರ ಜವಾಬ್ದಾರಿ.

ಡಿಸೆಂಬರಿನ ಕೊನೆಯ ವಾರ ಹೊಸ ವರ್ಷದ ಕೇಕುಗಳನ್ನು ಅಂಗಡಿಯ ಮುಂದೆ ಮೇಜು ಹಾಕಿ ಜೋಡಿಸುವುದು ಬೆಂಗಳೂರಿನ ಬಡಾವಣೆಗಳಲ್ಲಿ ಬಹುಕಾಲದ ಪದ್ಧತಿ. 31ರ ರಾತ್ರಿ ಮೇಜು ತುಂಬಿರುವುದು ಜಾಹೀರಾತಾದರೂ, 1ನೇ ತಾರೀಖು ಬೆಳಿಗ್ಗೆ ಉಳಿದ ಕ್ರೀಮ್ ಕೇಕಿಗೆ ಬೆಲೆಯಿಲ್ಲ. ಅದನ್ನು ಒಣಗಿಸಿ ಟೋಸ್ಟ್ ಮಾಡಲೂ ಆಗದು. ಆದುದರಿಂದ 25ರಿಂದಲೇ ಆರ್ಡರು ಪುಸ್ತಕ ತೆರೆದು, ಅರ್ಧ ಹಣ ಮುಂಗಡ ಪಡೆದು, ಹೆಸರು, ತೂಕ, ಮೊಟ್ಟೆಯುಳ್ಳದ್ದೋ ಇಲ್ಲದ್ದೋ, ಒಯ್ಯುವ ಸಮಯ ಇವುಗಳನ್ನು ಬರೆದಿಟ್ಟುಕೊಳ್ಳಬೇಕು. ಆರ್ಡರಿಲ್ಲದೆ ಮೇಜಿನ ಮೇಲಿಡುವ ಕೇಕುಗಳು ಹಿಂದಿನ ವರ್ಷ ರಾತ್ರಿ ಹತ್ತರ ನಂತರ ಕೈಮೇಲೆ ಮಾರಾಟವಾದ ಸಂಖ್ಯೆಯನ್ನು ಮೀರದಂತೆ ನೋಡಿಕೊಳ್ಳತಕ್ಕದ್ದು. ಆ ಸಂಖ್ಯೆಯನ್ನು ಬರೆದಿಟ್ಟಿರದಿದ್ದಲ್ಲಿ ಈ ವರ್ಷ ಬರೆದಿಡುವುದು.